ಕಂಡೀತು, ಕಾಣಬಹುದು, ಕಾಣುತ್ತದೆ

ನಿವೃತ್ತನಾದ ಕನ್ನಡ ಮೇಷ್ಟರಿಗೆ ಊರಿನಲ್ಲಿ ಬರುವ ಕೆಲಸಗಳಿಗೆ ಒಂದು ಕ್ರಮವಿದೆ. ಮೊದಲ ವರ್ಷ ಲಗ್ನಪತ್ರಿಕೆ ತಿದ್ದುವುದು, ಎರಡನೆಯ ವರ್ಷ ವೈಕುಂಠ ಸಮಾರಾಧನೆಯ ಕಾರ್ಡು, ಮೂರನೆಯ ವರ್ಷದಿಂದ ಸಹಕಾರ ಸಂಘದ ವಾರ್ಷಿಕ ವರದಿ. ಕೂಲಿ ಎಲ್ಲಕ್ಕೂ ಒಂದೇ, ಒಂದು ಲೋಟ ಕಾಫಿ. ಆರನೆಯ ವರ್ಷ ನನ್ನ ಪಾಲಿಗೆ ಬಂದದ್ದು ಕಣ್ಣಾಸ್ಪತ್ರೆಯ ಕರಪತ್ರ.

ತಂದವರು ಸ್ವತಃ ಡಾಕ್ಟರು. ಎಂಟನೇ ಕ್ಲಾಸಿನಲ್ಲಿ ‘ಶಸ್ತ್ರಚಿಕಿತ್ಸೆ’ಯನ್ನು ‘ಶಾಸ್ತ್ರಚಿಕಿತ್ಸೆ’ ಎಂದು ಬರೆದು ನನ್ನ ಕೈಲಿ ಹತ್ತು ಸಲ ತಿದ್ದಿ ಬರೆಸಿಕೊಂಡ ಹುಡುಗ, ಈಗ ವಾರಕ್ಕೆ ಎರಡು ದಿನ ಅದನ್ನೇ ಮಾಡುತ್ತಾರೆ. ನೀನು ಎಂದರೆ ನನಗೆ ಸಮಾಧಾನ, ನೀವು ಎಂದರೆ ಅವರ ಕಾಂಪೌಂಡರಿಗೆ ಸಮಾಧಾನ. ಎರಡೂ ಬೇಡವೆಂದು ಕರ್ತೃಪದವನ್ನೇ ನುಂಗಿ ಮಾತಾಡಲು ನೋಡುತ್ತೇನೆ. ಆದರೆ ಕನ್ನಡದಲ್ಲಿ ಕರ್ತೃವನ್ನು ಬಚ್ಚಿಟ್ಟರೂ ಕ್ರಿಯಾಪದ ಬಾಲ ಹಿಡಿದು ತೋರಿಸಿಬಿಡುತ್ತದೆ. “ಬಂದೆಯಾ...ರಾ” ಎಂದು ಸ್ವಾಗತಿಸಿದೆ.

“ಕಾಗುಣಿತ ನೋಡಿಕೊಡಿ ಸಾಕು ಮೇಷ್ಟ್ರೇ, ನಾಳೆ ಪ್ರೆಸ್ಸಿಗೆ ಹೋಗಬೇಕು” ಎಂದರು. ಅದು ಪ್ರೆಸ್ಸಿಗೆ ಹೋದದ್ದು ಎರಡು ತಿಂಗಳ ಮೇಲೆ.

ಮಿರಮಿರ ಮಿಂಚುವ ಕಾಗದ, ಕಡುನೀಲಿ ಹಿನ್ನೆಲೆ, ಅದರ ಮೇಲೆ ಬಿಳಿ ಅಕ್ಷರ. ಅಕ್ಷರವೋ, ಒತ್ತು ಯಾವುದು ದೀರ್ಘ ಯಾವುದು ಎಂದು ನನ್ನಂಥವನೇ ಕಿಟಕಿಯ ಬಳಿಗೆ ಹೋಗಿ ನೋಡಬೇಕಾದಷ್ಟು ಸಣ್ಣದು. ಕಣ್ಣಿಗೆ ಪೊರೆ ಬಂದವರಿಗೆ ಮೊದಲು ಕಾಟ ಕೊಡುವುದೇ ಹೊಳಪು. ಎದುರಿನ ಲಾರಿಯ ದೀಪ ಸಿಡಿದಂತೆ ಕಾಣುತ್ತದೆ, ಬಿಸಿಲಿನಲ್ಲಿ ಎಲ್ಲವೂ ಬೆಳ್ಳಗಾಗುತ್ತದೆ. ಅಂಥವರ ಕೈಗೆ ಕನ್ನಡಿಯಂಥ ಕಾಗದ ಕೊಟ್ಟು ಓದಿ ಎನ್ನುವುದು, ಹಲ್ಲು ಕೀಳಿಸಿಕೊಂಡವರಿಗೆ ಕೋಡುಬಳೆ ಹಂಚಿದ ಹಾಗೆ. ಹಾಗೆಂದೇ ಹೇಳಿದೆ. ಡಾಕ್ಟರು ಕರಪತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ತಮ್ಮ ಕನ್ನಡಕ ಹುಡುಕಿದರು.

ಅಕ್ಷರ ದೊಡ್ಡದು ಮಾಡಿದರೆ ಮಾತು ಕಡಿಮೆ ಹಿಡಿಸುತ್ತದೆ. ಯಾವುದನ್ನು ಬಿಡುವುದು ಎಂದು ನೋಡಲು ಕೂತಾಗ, ಮೊದಲ ವಾಕ್ಯದಲ್ಲೇ ಪೆನ್ನು ನಿಂತುಹೋಯಿತು. “ಕಣ್ಣಿನ ಪೊರೆಯೇ? ಚಿಂತೆ ಬಿಡಿ! ನೋವಿಲ್ಲದ, ಹೊಲಿಗೆಯಿಲ್ಲದ ಅತ್ಯಾಧುನಿಕ ಲೇಸರ್ ಚಿಕಿತ್ಸೆಯಿಂದ ಕೇವಲ 15 ನಿಮಿಷದಲ್ಲಿ 20ರ ಹರೆಯದ ದೃಷ್ಟಿ ಪಡೆಯಿರಿ! ಕನ್ನಡಕಕ್ಕೆ ವಿದಾಯ ಹೇಳಿ!” ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ಓದುತ್ತ ನನಗೆ ನಮ್ಮ ಅಜ್ಜಿ ನೆನಪಾದಳು. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ನೇತ್ರ ಶಿಬಿರಗಳಲ್ಲಿ ಸಾಲುಸಾಲಾಗಿ ಪೊರೆ ತೆಗೆಯುತ್ತಿದ್ದ ಕಾಲ ಅದು. ಅಜ್ಜಿ ಹೋದದ್ದು ಅವರದಲ್ಲ, ಅಂಥದೇ ಇನ್ನೊಂದು ಶಿಬಿರಕ್ಕೆ. ಆಗೆಲ್ಲ ಮಬ್ಬಾದ ಮಸೂರವನ್ನು ತೆಗೆಯುತ್ತಿದ್ದರೇ ಹೊರತು ಒಳಗೆ ಹೊಸದನ್ನು ಕೂರಿಸುತ್ತಿರಲಿಲ್ಲ. ಅದರ ಬದಲಿಗೆ ಸೋಡಾಬುಡ್ಡಿ ತಳದಂಥ ಕನ್ನಡಕ, ಪವರು ಪ್ಲಸ್ ಹತ್ತರ ಆಸುಪಾಸು. ಅಂಥ ಗಾಜಿನಲ್ಲಿ ವಸ್ತು ಕಾಲುಭಾಗದಷ್ಟು ದೊಡ್ಡದಾಗಿ, ಹತ್ತಿರ ಬಂದ ಹಾಗೆ ಕಾಣುತ್ತದೆ. ನೇರ ಗೆರೆ ಬಿಲ್ಲಿನಂತೆ ಬಾಗುತ್ತದೆ. ಅಜ್ಜಿ ಮನೆಗೆ ಬಂದ ದಿನವೇ ನಡುಮನೆಯ ಕಂಬ ಬಾಗಿದೆ ಎಂದು ಹುಯಿಲೆಬ್ಬಿಸಿ ಬಡಗಿಯನ್ನು ಕರೆಸಿದಳು. ಬಡಗಿ ತೂಗುಗುಂಡು ಬಿಟ್ಟು ನೋಡಿ, ಕಂಬ ನೆಟ್ಟಗಿದೆ ಎಂದ. “ನಿಂಗೂ ಆಪರೇಷನ್ ಆಗ್ಬೇಕು ಕಣೋ” ಎಂದು ಅಜ್ಜಿ ಅವನನ್ನು ಕಳಿಸಿದಳು. ಚೊಂಬಿಗೆ ಕೈ ಚಾಚಿದರೆ ಚೊಂಬು ಇನ್ನೂ ಒಂದು ಗೇಣು ಆಚೆಗಿರುತ್ತಿತ್ತು. ಆರು ತಿಂಗಳು ಬೇಕಾಯಿತು ಅವಳಿಗೆ ಮನೆಯೊಂದಿಗೆ ರಾಜಿಯಾಗಲು. ಕಣ್ಣು ಬರುತ್ತದೆ ಎಂದು ಶಿಬಿರದಲ್ಲಿ ಹೇಳಿದ್ದರು. ಎಂಥ ಕಣ್ಣು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಈಗ ಕಾಲ ಬದಲಾಗಿದೆ, ಒಪ್ಪಿದೆ. ಆದರೂ ಆ ಒಂದು ವಾಕ್ಯವನ್ನು ಬಿಡಿಸುತ್ತ ಹೋದಾಗ ಒಂದೊಂದು ಪದಕ್ಕೂ ಡಾಕ್ಟರು ವಿವರಣೆ ಕೊಡಬೇಕಾಯಿತು.

ಲೇಸರ್ ಎಂದರೆ? “ಅದು ಲೇಸರ್ ಅಲ್ಲ ಮೇಷ್ಟ್ರೇ. ಮೂರು ಮಿಲಿಮೀಟರಿಗಿಂತ ಚಿಕ್ಕ ಸೀಳು ಮಾಡಿ, ಅದರಲ್ಲಿ ಪೆನ್ನಿನಂಥ ಒಂದು ಸಾಧನ ತೂರಿಸ್ತೀವಿ. ಅದರ ತುದಿ ಕಿವಿಗೆ ಕೇಳದಷ್ಟು ವೇಗವಾಗಿ ನಡುಗಿ ಪೊರೆಯನ್ನು ಪುಡಿ ಮಾಡಿ ಹೀರಿಕೊಳ್ಳುತ್ತೆ. ಜನ ಲೇಸರ್ ಅಂತಲೇ ಕೇಳಿಕೊಂಡು ಬರ್ತಾರೆ, ಅದಕ್ಕೆ ಹಾಗೆ ಹಾಕಿದ್ದು.” ಹಾಗಾದರೆ ಲೇಸರ್ ಇಲ್ಲವೇ ಇಲ್ಲವೋ? ಇದೆ. ಹೊಸ ಮಸೂರವನ್ನು ಕೂರಿಸುವುದು ಹಳೆಯ ಮಸೂರದ ಚೀಲದೊಳಗೆ. ಕೆಲವರಲ್ಲಿ ಆ ಚೀಲದ ಹಿಂಬದಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಬ್ಬಾಗುತ್ತದೆ. ಪೊರೆ ಮತ್ತೆ ಬಂತು, ಡಾಕ್ಟರು ಸರಿಯಾಗಿ ತೆಗೆಯಲಿಲ್ಲ ಎಂದು ಜನ ಮಾತಾಡಿಕೊಳ್ಳುವುದು ಇದನ್ನೇ. ಅದಕ್ಕೆ ಐದು ನಿಮಿಷದ ಲೇಸರ್ ಸಾಕು. ಅಂದರೆ ಕರಪತ್ರ ಲೇಸರನ್ನು ಇಲ್ಲದ ಕಡೆ ಇಟ್ಟು, ಇದ್ದ ಕಡೆ ಬಿಟ್ಟುಬಿಟ್ಟಿತ್ತು. ಮುಂದೊಂದು ದಿನ ಬರಬಹುದಾದ ಮಬ್ಬನ್ನು ಮೊದಲೇ ಹೇಳಿಟ್ಟಿದ್ದರೆ ಅದು ಮಾಹಿತಿ. ಬಂದ ಮೇಲೆ ಹೇಳಿದರೆ ಅದು ನೆಪ.

ಹದಿನೈದು ನಿಮಿಷ ನಿಜ, ಆದರೆ ಅದು ಡಾಕ್ಟರ ಗಡಿಯಾರ. ರೋಗಿಯ ಗಡಿಯಾರದಲ್ಲಿ ಅದು ಅರ್ಧ ದಿನ. ಪಾಪೆ ಅಗಲವಾಗಲು ಮತ್ತೆ ಮತ್ತೆ ಹನಿ ಹಾಕಬೇಕು, ಕಾಯಬೇಕು, ಬಿ.ಪಿ., ಸಕ್ಕರೆ ನೋಡಬೇಕು, ಆಮೇಲೆ ಸ್ವಲ್ಪ ಹೊತ್ತು ಮಲಗಿರಬೇಕು. ಹಿಂದಿನ ತಿಂಗಳು ಒಬ್ಬರು “ಹದಿನೈದು ನಿಮಿಷ ತಾನೆ” ಎಂದು ಆಟೋವನ್ನು ಗೇಟಿನಲ್ಲೇ ನಿಲ್ಲಿಸಿಕೊಂಡು ಒಳಗೆ ಬಂದಿದ್ದರಂತೆ. ಮಧ್ಯಾಹ್ನ ಹೊರಗೆ ಬಂದಾಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ವೇಟಿಂಗ್ ಚಾರ್ಜು ಇನ್ನೊಂದು ಕಣ್ಣಿಗೆ ಸ್ಪಷ್ಟವಾಗಿ ಕಾಣಿಸಿತು.

ನೋವಿಲ್ಲ ಎಂಬುದೂ ಅಷ್ಟೆ. ಹನಿ ಹಾಕಿಯೋ, ಬೇಕಾದರೆ ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟೋ ಮರಗಟ್ಟಿಸುತ್ತಾರೆ. ಆಗ ನೋವು ಗೊತ್ತಾಗುವುದಿಲ್ಲ, ಆದರೆ ಎಚ್ಚರ ಇರುತ್ತದೆ. ಕಣ್ಣಿಗೆ ಬೆಳಕು ಹೊಡೆಯುತ್ತದೆ, ಒತ್ತಿದಂತೆ, ನೀರು ಹರಿದಂತೆ ಆಗುತ್ತದೆ. ನೋವಿಲ್ಲ ಎಂದು ಮಾತ್ರ ಓದಿಕೊಂಡು ಬಂದವರು ಆ ಮೊದಲ ಒತ್ತಡಕ್ಕೇ “ಅಯ್ಯೋ” ಎಂದು ತಲೆ ಎತ್ತಿಬಿಡುತ್ತಾರಂತೆ. ಸಾಧನ ಕಣ್ಣೊಳಗಿರುವಾಗ ತಲೆ ಎತ್ತುವುದು ಎಷ್ಟು ಒಳ್ಳೆಯದು ಎಂದು ಡಾಕ್ಟರು ನನ್ನನ್ನೇ ಕೇಳಿದರು. ಹೊಸ ಕರಪತ್ರದಲ್ಲಿ ಆ ಸಾಲು ಹೀಗಾಯಿತು: “ನೋವಾಗದಂತೆ ಮರಗಟ್ಟಿಸುತ್ತೇವೆ. ಎಚ್ಚರವಿರುತ್ತೀರಿ. ಒತ್ತಿದ ಹಾಗೆ, ನೀರು ಬಿಟ್ಟ ಹಾಗೆ ಅನ್ನಿಸುತ್ತದೆ. ಏನಾದರೂ ಹೇಳಬೇಕಿದ್ದರೆ ತಲೆ ಅಲ್ಲಾಡಿಸದೆ ಬಾಯಲ್ಲಿ ಹೇಳಿ, ನಾವು ಪಕ್ಕದಲ್ಲೇ ಇರುತ್ತೇವೆ.”

ಇನ್ನು ಇಪ್ಪತ್ತರ ಹರೆಯ. ಇಪ್ಪತ್ತರ ಕಣ್ಣು ದೂರದ ಬಸ್ಸಿನ ಬೋರ್ಡನ್ನೂ ಓದುತ್ತದೆ, ತಕ್ಷಣ ಸೂಜಿಗೆ ದಾರವನ್ನೂ ಪೋಣಿಸುತ್ತದೆ, ಏಕೆಂದರೆ ಅದರ ಮಸೂರ ಬೇಕಾದಂತೆ ಉಬ್ಬುತ್ತದೆ. ಹಾಕುವ ಮಸೂರ ಉಬ್ಬುವುದಿಲ್ಲ. ನಮ್ಮ ಊರಿನಲ್ಲಿ ಹೆಚ್ಚಾಗಿ ಹಾಕುವುದು ದೂರಕ್ಕೆ ಹೊಂದಿಸಿದ ಸಾದಾ ಮಸೂರ. ಬಸ್ಸಿನ ಬೋರ್ಡು ಸರಿ, ಪಂಚಾಂಗಕ್ಕೆ ಕನ್ನಡಕ ಬೇಕೇ ಬೇಕು. ದೂರಕ್ಕೂ ಹತ್ತಿರಕ್ಕೂ ಆಗುವ ದುಬಾರಿ ಮಸೂರಗಳೂ ಇವೆ, ಅವನ್ನು ಹಾಕಿಸಿಕೊಂಡ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತದೆ. ಕನ್ನಡಕಕ್ಕೆ ವಿದಾಯ ಹೇಳಿ ಎಂಬುದನ್ನು ಹೊಡೆದು, “ಓದಲು, ಸೂಜಿ ಕೆಲಸಕ್ಕೆ ಕನ್ನಡಕ ಬೇಕಾಗುತ್ತದೆ” ಎಂದು ಬರೆದೆ. ಡಾಕ್ಟರ ಮುಖ ಸಣ್ಣದಾಯಿತು. “ಹೀಗೆ ಬರೆದರೆ ಯಾರು ಬರ್ತಾರೆ ಮೇಷ್ಟ್ರೇ?” ಎಂದರು.

ಕರಪತ್ರದ ಮೂಲೆಯಲ್ಲಿ ನಕ್ಷತ್ರದೊಳಗೆ “ಶೇ. 99 ಯಶಸ್ಸು” ಎಂದೂ ಇತ್ತು. ಎಲ್ಲಿಂದ ಬಂತು ಎಂದು ಕೇಳಿದೆ. “ಎಲ್ಲರೂ ಹಾಕ್ತಾರೆ.” ಯಾವುದರ ಯಶಸ್ಸು? ಮಸೂರ ಕೂತರೆ ಯಶಸ್ಸೋ, ಚಾರ್ಟಿನ ಇಂತಿಷ್ಟನೇ ಸಾಲು ಓದಿದರೆ ಯಶಸ್ಸೋ, ಒಬ್ಬರೇ ತೋಟಕ್ಕೆ ಹೋಗಿ ಬಂದರೆ ಯಶಸ್ಸೋ? ಲೆಕ್ಕ ಹಿಡಿದದ್ದು ಮರುದಿನವೋ, ಒಂದು ತಿಂಗಳ ಮೇಲೋ? ಮತ್ತೆ ತೋರಿಸಲು ಬಾರದೇ ಹೋದವರು ಗೆದ್ದವರ ಪಟ್ಟಿಯಲ್ಲಿದ್ದಾರೋ ಸೋತವರ ಪಟ್ಟಿಯಲ್ಲಿದ್ದಾರೋ? ಎಸ್ಸೆಸ್ಸೆಲ್ಸಿ ಫಲಿತಾಂಶ ಹೇಳುವಾಗ ನಾವೂ ಇಂಥ ಆಟ ಆಡಿದವರೇ. ಪರೀಕ್ಷೆಗೆ ಕೂತವರನ್ನು ಮಾತ್ರ ಎಣಿಸಿ, ಕೂರದಂತೆ ನೋಡಿಕೊಂಡವರನ್ನು ಮರೆಯುತ್ತಿದ್ದೆವು. ಹಾಗಾಗಿ ನನಗೆ ಆ ನಕ್ಷತ್ರದ ವಾಸನೆ ಬೇಗ ಹತ್ತಿತು. ನಕ್ಷತ್ರ ಉದುರಿತು.

ನನ್ನ ಮಾತಿಗೆ ಬಲ ಬರಲೆಂದು ಕಾನೂನನ್ನೂ ತಿರುವಿ ಹಾಕಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಮೇಲೆ 1954ರಲ್ಲೇ ಒಂದು ಕಾಯ್ದೆ ಬಂದಿದೆ. ಔಷಧದಿಂದ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡಬಾರದ 54 ಬಾಬತ್ತುಗಳ ಪಟ್ಟಿ ಅದರಲ್ಲಿದೆ. ಕುರುಡು, ಪೊರೆ, ಗ್ಲಾಕೋಮಾ, ಪಾರ್ಶ್ವವಾಯು ಎಲ್ಲವೂ ಅಲ್ಲಿವೆ. ಎತ್ತರ ಬೆಳೆಸುತ್ತೇವೆ ಎನ್ನುವುದೂ ಇದೆ. ಕಾಯ್ದೆಯ ಕಣ್ಣಿಗೆ ಕರಪತ್ರವೂ ಜಾಹೀರಾತೇ. ಡಾಕ್ಟರು ನಕ್ಕು, “ಅದು ಔಷಧದ ಮಾತು, ನಮ್ಮದು ಆಪರೇಷನ್” ಎಂದರು. ಆದರೆ ವೈದ್ಯರ ನಡವಳಿಕೆಯ ಬಗ್ಗೆ 2002ರಲ್ಲಿ ಬಂದ ನಿಯಮಗಳೂ ಇವೆಯಲ್ಲ, ರೋಗಿಗಳನ್ನು ಸೆಳೆಯಲು ಪ್ರಚಾರ ಮಾಡಿಕೊಳ್ಳಬಾರದು ಎನ್ನುವಂಥವು? ಪ್ರಾಕ್ಟೀಸು ಶುರು ಮಾಡಿದ್ದು, ವಿಳಾಸ ಬದಲಾಯಿಸಿದ್ದು, ಫೀಸು ಎಷ್ಟು ಎಂಬಂಥ ಕೆಲವನ್ನು ಮಾತ್ರ ಪ್ರಕಟಿಸಲು ಅಲ್ಲಿ ಅವಕಾಶ. ಅದನ್ನು ಓದಿ ಹೇಳಿದಾಗ ಡಾಕ್ಟರು ನಗಲಿಲ್ಲ. “ಹಾಗಾದರೆ ಇದನ್ನು ಬೀದಿಯಲ್ಲಿ ಹಂಚೋದು ಬೇಡ, ಬಂದವರಿಗೆ ಒಳಗೆ ಕೊಡೋಣ” ಎಂದರು. ಅಲ್ಲಿಂದ ಮುಂದೆ ಕೆಲಸ ಸುಲಭವಾಯಿತು. ಬರುವವರನ್ನು ಕರೆಯುವ ಕಾಗದಕ್ಕೂ ಬಂದವರೊಡನೆ ಮಾತಾಡುವ ಕಾಗದಕ್ಕೂ ದನಿಯೇ ಬೇರೆ.

ಸುಲಭವಾಯಿತು ಎಂದೆ, ಆದರೆ ನಿಜವಾದ ಕಷ್ಟ ವ್ಯಾಕರಣದಲ್ಲಿತ್ತು. ಆಪರೇಷನ್ ಆದ ಮೇಲೆ ದೃಷ್ಟಿ ಏನಾಗುತ್ತದೆ ಎಂದು ಹೇಳಬೇಕು. “ಚೆನ್ನಾಗಿ ಕಾಣುತ್ತದೆ” ಎಂದರೆ ಅದು ಭಾಷೆ ಕೊಟ್ಟ ಹಾಗೆ. ಕನ್ನಡದಲ್ಲಿ ಈ ‘ಉತ್ತದೆ’ ಸೂರ್ಯ ಹುಟ್ಟುವುದಕ್ಕೂ ಆಗುತ್ತದೆ, ಸಾಲ ತೀರಿಸುವುದಕ್ಕೂ ಆಗುತ್ತದೆ. “ಕಾಣಬಹುದು” ಎಂದರೆ ಇನ್ನೊಂದು ತೊಡಕು. ನಮ್ಮ ‘ಬಹುದು’ ಸಾಧ್ಯತೆಯೂ ಹೌದು, ಅನುಮತಿಯೂ ಹೌದು. ಕೆಳಗಿನ ಸಾಲಿನಲ್ಲಿ “ಒಂದು ವಾರದ ಮೇಲೆ ತಲೆಗೆ ಸ್ನಾನ ಮಾಡಬಹುದು” ಎಂದಿದೆ. ಅದರ ಮೇಲೆಯೇ “ಚೆನ್ನಾಗಿ ಕಾಣಬಹುದು” ಎಂದರೆ, ನೋಡಲು ಡಾಕ್ಟರು ಪರ್ಮಿಷನ್ ಕೊಟ್ಟ ಹಾಗಿರುತ್ತದೆ. ಆಗ ನನಗೆ ಮೂವತ್ತು ವರ್ಷ ಪಾಠ ಮಾಡಿದ ಸಂಭಾವನಾರ್ಥಕ ರೂಪ ನೆನಪಾಯಿತು. ಬಂದೀತು, ಹೋದೀತು, ಕಂಡೀತು. ಇಷ್ಟು ಮುದ್ದಾದ ಕ್ರಿಯಾರೂಪವನ್ನು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬಿಟ್ಟರೆ ಬೇರೆಲ್ಲೂ ಬಳಸಿಕೊಂಡಿಲ್ಲವಲ್ಲ ಎಂದು ಹುರುಪಿನಿಂದ “ಆಪರೇಷನ್ ನಂತರ ಚೆನ್ನಾಗಿ ಕಂಡೀತು” ಎಂದು ಬರೆದೆ. ಮನೆಯವಳಿಗೆ ಓದಿ ಹೇಳಿದೆ. “ಇದೇನ್ರೀ, ಮಳೆ ಬಂದೀತು ಅನ್ನೋ ಹಾಗೆ! ಇದನ್ನ ಓದಿ ಯಾರು ಕಣ್ಣು ಕೊಟ್ಟಾರು?” ಎಂದಳು. ಅವಳ ವಾಕ್ಯದಲ್ಲೂ ಸಂಭಾವನಾರ್ಥಕವೇ ಇತ್ತು, ಎಷ್ಟು ಚೆನ್ನಾಗಿ ಕೂತಿತ್ತು! ಈ ರೂಪ ಎಚ್ಚರಿಕೆಗೆ ಒಗ್ಗುತ್ತದೆ, ಭರವಸೆಗೆ ಒಗ್ಗುವುದಿಲ್ಲ. “ಮುಟ್ಟಬೇಡ, ಸುಟ್ಟೀತು” ಎಂದರೆ ಅದರಲ್ಲಿ ತಾಯಿ ಇದ್ದಾಳೆ. “ವಾಸಿಯಾದೀತು” ಎಂದರೆ ಅದರಲ್ಲಿ ಕೈ ತೊಳೆದುಕೊಂಡವರು ಇದ್ದಾರೆ.

ನಾಲ್ಕು ದಿನ ಹೊರಳಾಡಿದ ಮೇಲೆ ಹೊಳೆಯಿತು, ತೊಡಕು ಕ್ರಿಯಾಪದದ್ದಲ್ಲ, ಅದರ ಹಿಂದೆ ‘ರೆ’ ಇಲ್ಲದ್ದು ಎಂದು. ಯಾರಿಗೆ ಕಾಣುತ್ತದೆ, ಯಾರಿಗೆ ಅಷ್ಟಾಗಿ ಕಾಣುವುದಿಲ್ಲ ಎಂಬುದು ಡಾಕ್ಟರಿಗೆ ಗೊತ್ತಿರುವ ವಿಷಯ. ಪೊರೆ ಇರುವುದು ಕಣ್ಣಿನ ಮುಂಭಾಗದಲ್ಲಿ, ನೋಟ ಮೂಡುವುದು ಹಿಂದಿನ ಪರದೆಯಲ್ಲಿ. ಸಕ್ಕರೆ ಕಾಯಿಲೆಯಿಂದ ಪರದೆ ಹಾಳಾಗಿದ್ದರೆ, ಗ್ಲಾಕೋಮಾದಿಂದ ನರ ಸೊರಗಿದ್ದರೆ, ಪೊರೆ ತೆಗೆದರೂ ಆ ನಷ್ಟ ಹಾಗೇ ಉಳಿಯುತ್ತದೆ. ಅದನ್ನೇ ಬರೆದೆ: “ಕಣ್ಣಿನ ಹಿಂದಿನ ಪರದೆ, ನರ ಚೆನ್ನಾಗಿದ್ದರೆ ಪೊರೆ ತೆಗೆದ ಮೇಲೆ ದೃಷ್ಟಿ ಸುಧಾರಿಸುತ್ತದೆ. ಅವಕ್ಕೆ ಮೊದಲೇ ತೊಂದರೆಯಾಗಿದ್ದರೆ ಅಷ್ಟು ಸುಧಾರಿಸುವುದಿಲ್ಲ. ನಿಮ್ಮ ಕಣ್ಣು ನೋಡಿ, ಏನು ನಿರೀಕ್ಷಿಸಬೇಕೆಂದು ಆಪರೇಷನ್‌ಗೆ ಮೊದಲೇ ಹೇಳುತ್ತೇವೆ.” ಡಾಕ್ಟರು ಇದಕ್ಕೂ ಒಂದು ತಕರಾರು ತೆಗೆದರು, ಅದು ಸರಿಯಾದ ತಕರಾರು. ಪೊರೆ ತೀರಾ ಬಲಿತು ಬೆಳ್ಳಗಾಗಿದ್ದರೆ ಅದರ ಹಿಂದಿನದು ಅವರಿಗೂ ಕಾಣುವುದಿಲ್ಲ. ಸ್ಕ್ಯಾನ್ ಮಾಡಿದರೂ ಪೂರ್ತಿ ತಿಳಿಯುವುದಿಲ್ಲ. “ಪೊರೆ ತುಂಬ ಬಲಿತಿದ್ದರೆ ಮೊದಲೇ ಹೇಳಲು ನಮಗೂ ಆಗುವುದಿಲ್ಲ, ಅದನ್ನೂ ಮುಚ್ಚಿಡದೆ ಹೇಳುತ್ತೇವೆ” ಎಂದು ಸೇರಿಸಿದೆವು.

ಅಷ್ಟರಲ್ಲಿ ಆಸ್ಪತ್ರೆಗೆ ಹೊಸದಾಗಿ ಸೇರಿದ್ದ ಕಿರಿಯ ಡಾಕ್ಟರು ನಮ್ಮ ಪ್ರತಿಯನ್ನು ಓದಿ ಹೆದರಿ, ಒಪ್ಪಿಗೆ ಪತ್ರದಲ್ಲಿರುವ ಅಪಾಯಗಳನ್ನೆಲ್ಲ ತಂದು ಸುರಿದರು. ರಕ್ತಸ್ರಾವ, ಸೋಂಕು, ಪರದೆ ಕಳಚುವುದು, ಮತ್ತೊಂದು ಆಪರೇಷನ್, ದೃಷ್ಟಿನಾಶ. ಎಲ್ಲ ನಿಜ, ಎಲ್ಲವೂ ಒಂದೇ ಗಾತ್ರದ ಅಕ್ಷರದಲ್ಲಿ. ಓದಿದರೆ ಪೊರೆಯೇ ವಾಸಿ ಅನ್ನಿಸುತ್ತಿತ್ತು. ಒಪ್ಪಿಗೆ ಪತ್ರಕ್ಕೆ ಅದರದೇ ಜಾಗ ಇದೆ, ಎದುರು ಕೂತು ವಿವರಿಸಿ ಸಹಿ ಹಾಕಿಸಿಕೊಳ್ಳುವ ಜಾಗ. ಕರಪತ್ರದಲ್ಲಿ ಇರಬೇಕಾದದ್ದು, ಮನೆಗೆ ಹೋದವರು ತಾವೇ ಗುರುತಿಸಬಹುದಾದ ಅಪಾಯ. ಸೋಂಕು “ಅಪರೂಪ” ಎಂದು ಬರೆದಿದ್ದರು. ನಮ್ಮ ಕಡೆ ಅಪರೂಪಕ್ಕೆ ಬಂದವರಿಗೆ ಮಣೆ ಹಾಕಿ ಬೆಲ್ಲ ನೀರು ಕೊಡುತ್ತಾರೆ. ಆ ಪದವನ್ನು ತೆಗೆದು, “ಸಾವಿರ ಜನರಲ್ಲಿ ಒಬ್ಬರ ಆಸುಪಾಸಿಗೆ” ಎಂದು ಹಾಕಿದೆವು. ಅದರ ಕೆಳಗೆ ದಪ್ಪಕ್ಷರದಲ್ಲಿ: “ನೋವು ಹೆಚ್ಚಾದರೆ, ಕಣ್ಣು ಕೆಂಪಾದರೆ, ಕಾಣುತ್ತಿದ್ದದ್ದು ಮಸುಕಾದರೆ ಅದೇ ದಿನ ಬನ್ನಿ. ಬೆಳಗಾಗಲಿ ಎಂದು ಕಾಯಬೇಡಿ.”

ಕರಡನ್ನು ಒಂದು ಬೆಳಿಗ್ಗೆ ಆಸ್ಪತ್ರೆಯ ಬೆಂಚಿನಲ್ಲೇ ಪರೀಕ್ಷೆಗೆ ಒಡ್ಡಿದೆ. ಅರ್ಥವಾಯಿತೇ ಎಂದು ಕೇಳಬಾರದು, ಹೂಂ ಎಂದುಬಿಡುತ್ತಾರೆ. ಇದು ಮೇಷ್ಟರಾದವರಿಗೆಲ್ಲ ಗೊತ್ತು. ಮನೆಗೆ ಹೋಗಿ ಮಗಳಿಗೆ ಏನು ಹೇಳುತ್ತೀರಿ ಎಂದು ಕೇಳಬೇಕು. ಹಳ್ಳಿಯಿಂದ ಬಂದ ಒಬ್ಬ ಅಜ್ಜಿಗೆ ಪರದೆಯ ಭಾಗ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಲಾಟೀನ್ ಗಾಜು ಮಸಿ ಹಿಡಿದೈತೆ, ಒರೆಸಿಕೊಡ್ತಾರೆ. ಬತ್ತಿ ಸುಟ್ಟೋಗಿದ್ರೆ ಅವ್ರೇನ್ ಮಾಡಾರು, ಅಷ್ಟೇ ತಾನೆ ಸ್ವಾಮಿ?” ಎಂದಳು. ನನ್ನ ಮೂರು ವಾಕ್ಯ ನಾಚಿಕೊಂಡವು. ಅವಳ ಮಾತನ್ನೇ ಅವುಗಳ ಪಕ್ಕದಲ್ಲಿ ಕೂರಿಸಿದೆ. ಅದೇ ಬೆಂಚಿನ ಇನ್ನೊಬ್ಬರು ಮಾತ್ರ “ದಿನಕ್ಕೆ ಆರು ಸಲ ಹನಿ” ಎಂಬುದನ್ನು ಕೇಳಿ, ಒಂದೇ ಸಲಕ್ಕೆ ಆರು ಹನಿ ಬಿಟ್ಟರೆ ಆಗುವುದಿಲ್ಲವೇ ಎಂದರು. ಆ ಸಾಲನ್ನು “ಎದ್ದಾಗ ಒಂದು ಹನಿ, ತಿಂಡಿಗೆ ಒಂದು ಹನಿ” ಎಂದು ಹೊತ್ತಿಗೆ ಕಟ್ಟಿ ಬರೆಯಬೇಕಾಯಿತು.

ಸೇವೆಗಳ ಪಟ್ಟಿಯಲ್ಲಿ “ಎಲ್ಲ ಬಗೆಯ ಕಣ್ಣಿನ ಚಿಕಿತ್ಸೆ” ಎಂದಿತ್ತು. ಪರದೆಯ ಆಪರೇಷನ್ ಇಲ್ಲಿ ಮಾಡುವುದಿಲ್ಲ, ಬೆಂಗಳೂರಿನ ಮಿಂಟೋಗೋ ಮತ್ತೊಂದು ಕಡೆಗೋ ಕಳಿಸುತ್ತಾರೆ. ಹಾಗೇ ಬರೆಯೋಣ, ಚೀಟಿ ಬರೆದುಕೊಡುತ್ತೇವೆ ಎಂದೂ ಸೇರಿಸೋಣ ಎಂದೆ. ಒಪ್ಪಿದರು.

ಈಗ ಕರಪತ್ರ ನಿಜವಾಯಿತು, ಆದರೆ ಸ್ವಲ್ಪ ತಣ್ಣಗಾಯಿತು ಎಂದು ಡಾಕ್ಟರು ಕೊರಗಿದರು. ಬೆಚ್ಚಗಿನ ಮಾತು ಎಲ್ಲಿಂದ ತರುವುದು? ನಾನೆಂದೆ, ಕಣ್ಣಿನ ಮಾತು ದೇವರಿಗಿರಲಿ, ನಿಮ್ಮ ಕೈಯಲ್ಲಿರುವುದಕ್ಕೆ ಭಾಷೆ ಕೊಡಿ, ಅಲ್ಲಿ ‘ಬಹುದು’ ಬೇಡ, ‘ರೆ’ ಬೇಡ. ಬರೆಯುತ್ತ ಹೋದೆ: “ಆಪರೇಷನ್ ಮಾಡಿದ ಡಾಕ್ಟರೇ ಮರುದಿನ ಬೆಳಿಗ್ಗೆ ನಿಮ್ಮನ್ನು ನೋಡುತ್ತಾರೆ.” ಡಾಕ್ಟರು ಕುರ್ಚಿಯಲ್ಲಿ ಸರಿದು ಕೂತರು. “ಭಾನುವಾರ ಬಂದರೆ?” “ಶನಿವಾರ ಆಪರೇಷನ್ ಇಟ್ಟುಕೊಳ್ಳದಿದ್ದರೆ ಆಯಿತು.” “ರಾತ್ರಿ ಎಷ್ಟು ಹೊತ್ತಾದರೂ ಈ ನಂಬರಿಗೆ ಫೋನ್ ಮಾಡಿ, ಒಬ್ಬರು ಎತ್ತುತ್ತಾರೆ.” ಈ ಸಾಲಿಗೆ ಬೆವರೇ ಬಂತು. ಕರಪತ್ರದಲ್ಲಿದ್ದ ನಂಬರು ರಿಸೆಪ್ಷನ್ನಿನದು, ಅದು ಸಂಜೆ ಆರಕ್ಕೆ ಬೀಗ ಹಾಕಿಕೊಳ್ಳುತ್ತದೆ. ಊರಿಗೆಲ್ಲ ಇಪ್ಪತ್ತರ ಕಣ್ಣು ಕೊಡಲು ಸಿದ್ಧರಿದ್ದವರು ಒಂದು ಫೋನ್ ಎತ್ತುವ ಮಾತಿಗೆ ಎರಡು ದಿನದ ಗಡುವು ಕೇಳಿದರು. ಕೊನೆಗೆ ಬೇರೆ ಮೊಬೈಲ್ ಕೊಂಡು, ಅದನ್ನು ರಾತ್ರಿ ತಾವೇ ಮನೆಗೆ ಒಯ್ಯುವುದೆಂದಾಯಿತು.

ಮಂದವಾದ ಬಿಳಿ ಕಾಗದ, ದಪ್ಪ ಕರಿ ಅಕ್ಷರ, ನಾಲ್ಕು ಪುಟ. ಪ್ರೆಸ್ಸಿನವರು ಇದೇನು ಬಾಲಪಾಠವೇ ಎಂದು ಗೊಣಗಿಕೊಂಡೇ ಅಚ್ಚು ಹಾಕಿದರು. ಪ್ರತಿ ಕೈಗೆ ಬಂದ ರಾತ್ರಿ, ಅಚ್ಚಿನಲ್ಲಿ ನಂಬರು ಸರಿಯಿದೆಯೇ ಎಂದು ನೋಡಲು ಒಂಬತ್ತೂವರೆಗೆ ನಾನೇ ಡಯಲ್ ಮಾಡಿದೆ. ಮೂರನೆಯ ರಿಂಗಿಗೆ ವಯಸ್ಸಾದ ಹೆಂಗಸಿನ ದನಿ. ಡಾಕ್ಟರ ತಾಯಿ.

“ಅವನು ಊಟಕ್ಕೆ ಕೂತಿದ್ದಾನೆ, ಕೈ ತೊಳೆದು ಬರ್ತಾನೆ. ಅಷ್ಟರಲ್ಲಿ ನೀವು ಹೇಳಿ. ನೋವು ಜಾಸ್ತಿ ಆಯ್ತಾ, ಕೆಂಪಾಯ್ತಾ, ಮಸುಕಾಯ್ತಾ? ಮೂರರಲ್ಲಿ ಯಾವುದು?”